ಎರಡು ಕಲ್ಲುಗಳ ನಡುವೆ ಸೈಕಲ್ ವೇಗ: ನೀವು ಎಲ್ಲಿ ನಿಂತಿದ್ದೀರಿ ಅನ್ನೋದೇ ಮುಖ್ಯ

ರಸ್ತೆ ಬದಿಯ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸೈಕಲ್ ಎಷ್ಟು ಸೆಕೆಂಡಲ್ಲಿ ಹೋಯಿತು ಅಂತ ನೋಡಿ ವೇಗ ಹೇಳೋದು ಶಾಲೆಯ ಲೆಕ್ಕ. ಕಲ್ಲುಗಳ ಅಂತರ ಒಂದು ಕಿಲೋಮೀಟರ್ ಇದ್ದರೆ 3600 ಅನ್ನು ಸೆಕೆಂಡಿನಿಂದ ಭಾಗಿಸಿ. 200 ಮೀಟರ್ ಇದ್ದರೆ 720 ಅನ್ನು ಭಾಗಿಸಿ. ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ನೇರವಾಗಿ ಉತ್ತರ ಬರುತ್ತದೆ. 200 ಮೀಟರನ್ನು 24 ಸೆಕೆಂಡಲ್ಲಿ ದಾಟಿದರೆ ವೇಗ 30, ಅಷ್ಟೇ. ಲೆಕ್ಕದಲ್ಲಿ ಯಾರೂ ತಪ್ಪೋದಿಲ್ಲ. ತಪ್ಪೋದು "ಈಗ ದಾಟಿದ" ಅಂತ ಕಣ್ಣು ಹೇಳುವ ಆ ಕ್ಷಣದಲ್ಲಿ.

ನಾನು ಸಾಮಾನ್ಯವಾಗಿ 200 ಮೀಟರ್ ಕಲ್ಲುಗಳನ್ನೇ ಬಳಸುತ್ತೇನೆ. ಒಂದು ಕಿಲೋಮೀಟರ್ ಆದರೆ ಗುಂಡಿ ಒತ್ತುವ ತಡದಿಂದ ಆಗುವ ತಪ್ಪು ಕಡಿಮೆ, ನಿಜ. ಆದರೆ ಅಷ್ಟು ದೂರಕ್ಕೆ ಮನುಷ್ಯರು ಕಾಣುವುದಿಲ್ಲ, ನಡುವೆ ಏರೋ ತಿರುವೋ ಬಂದೇ ಬರುತ್ತದೆ, ಸವಾರನೂ ಒಂದೇ ಸಮ ತುಳಿಯೋದಿಲ್ಲ. ಆ ಹೊತ್ತಿನಲ್ಲಿ ಅವನು ಎಷ್ಟು ವೇಗದಲ್ಲಿದ್ದ ಅಂತ ತಿಳಿಯಬೇಕಾದರೆ 200 ಮೀಟರ್ ಸಾಕು.

ನನ್ನ ಗೆಳೆಯನೊಬ್ಬ ರೇಸಿಗೆ ಅಂತ ಒಂದೇ ವೇಗದಲ್ಲಿ ತುಳಿಯೋದನ್ನು ಅಭ್ಯಾಸ ಮಾಡುತ್ತಿದ್ದ. ಅವನ ತಮ್ಮ ರಸ್ತೆಯಿಂದ ಸ್ವಲ್ಪ ಒಳಗೆ, ಮರದ ನೆರಳಲ್ಲಿ ಆರಾಮಾಗಿ ಕೂತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದಿದ್ದ. ಎರಡು ಕಲ್ಲೂ ಅವನಿಗೆ ಚೆನ್ನಾಗಿ ಕಾಣುತ್ತಿದ್ದವು. ಗೆಳೆಯನ ಸೈಕಲ್ ಮೀಟರ್ 30 ತೋರಿಸುತ್ತಿತ್ತು. ತಮ್ಮನ ಸ್ಟಾಪ್‌ವಾಚ್ ಮಾತ್ರ 28.8 ಸೆಕೆಂಡ್ ಅಂತಿತ್ತು, ಅಂದರೆ ವೇಗ ಬರೀ 25.

"ಅಣ್ಣಾ, ನಿನ್ನ ಮೀಟರ್ ಸುಮ್ನೆ ಜಾಸ್ತಿ ತೋರಿಸ್ತಿದೆ" ಅಂದ ಅವನು.

"ನೀನು ನಿದ್ದೆ ಮಾಡ್ತಿದ್ದೆ ಕಣೋ" ಅಂದ ಇವನು.

ಇಬ್ಬರದ್ದೂ ಸರಿ ಇತ್ತು. ಮೀಟರ್ ಕೆಟ್ಟಿರಲಿಲ್ಲ, ತಮ್ಮ ಗುಂಡಿಯನ್ನು ಸರಿಯಾದ ಹೊತ್ತಿಗೇ ಒತ್ತಿದ್ದ. ತೊಂದರೆ ಇದ್ದದ್ದು ಅವನು ಕೂತ ಜಾಗದಲ್ಲಿ.

ನೋಡಿ, ಕಲ್ಲು ಇರೋದು ರಸ್ತೆಯ ಅಂಚಿನಲ್ಲಿ. ಸೈಕಲ್ ಹೋಗೋದು ಕಲ್ಲಿನಿಂದ ಎರಡು ಮೀಟರ್ ಆಚೆ, ಟಾರಿನ ಮೇಲೆ. ತಮ್ಮ ಕೂತಿದ್ದು ಕಲ್ಲಿನ ಸಾಲಿನಿಂದ ಹತ್ತು ಮೀಟರ್ ಈಚೆ. ಅವನ ಕಣ್ಣಿನಿಂದ ಕಲ್ಲಿನ ಮೇಲೆ ಹಾದು ಹೋಗುವ ಗೆರೆ ಕಲ್ಲಿನ ಹತ್ತಿರ ನಿಲ್ಲೋದಿಲ್ಲ, ಓರೆಯಾಗಿ ಮುಂದಕ್ಕೆ ಹೋಗಿ ಸೈಕಲ್ ಓಡುವ ದಾರಿಯನ್ನು ಇನ್ನೂ ಆಚೆ ಎಲ್ಲೋ ಮುಟ್ಟುತ್ತದೆ. ಅವನು ಎರಡು ಕಲ್ಲಿನ ಸರಿ ಮಧ್ಯಕ್ಕೆ ಎದುರಾಗಿ ಕೂತಿದ್ದ ಅಂದುಕೊಳ್ಳಿ. ಆಗ ಮೊದಲನೇ ಕಲ್ಲಿಗೆ ಸೈಕಲ್ "ತಾಗಿದ" ಹಾಗೆ ಅವನಿಗೆ ಕಾಣುವಾಗ ಸವಾರ ಕಲ್ಲಿಗಿಂತ 20 ಮೀಟರ್ ಹಿಂದೆಯೇ ಇರುತ್ತಾನೆ. ಎರಡನೇ ಕಲ್ಲಿಗೆ ತಾಗಿದ ಹಾಗೆ ಕಾಣುವಾಗ 20 ಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಸ್ಟಾಪ್‌ವಾಚ್ ಅಳೆದದ್ದು 200 ಅಲ್ಲ, 240 ಮೀಟರ್ ಓಟದ ಸಮಯ. ಗಂಟೆಗೆ 30 ಕಿ.ಮೀ. ವೇಗದಲ್ಲಿ 240 ಮೀಟರಿಗೆ ಬೇಕಾಗೋದು ಸರಿಯಾಗಿ 28.8 ಸೆಕೆಂಡ್. ಅದನ್ನು 200 ಮೀಟರ್ ಅಂದುಕೊಂಡು ಭಾಗಿಸಿದರೆ 25 ಬರದೆ ಇನ್ನೇನು ಬರುತ್ತೆ?

ನಂಬಿಕೆ ಬರದಿದ್ದರೆ ರಸ್ತೆಯ ಆಚೆ ಬದಿಗೆ ಹೋಗಿ ನೋಡಿ. ಅಲ್ಲಿ, ಕಲ್ಲಿನ ಸಾಲಿನಿಂದ ಅಷ್ಟೇ ಹತ್ತು ಮೀಟರ್ ದೂರ ನಿಂತರೆ ಸೈಕಲ್ ನಿಮಗೂ ಕಲ್ಲಿಗೂ ನಡುವೆ ಹೋಗುತ್ತದೆ. ಈಗ ಗೆರೆ ಕಲ್ಲನ್ನು ತಲುಪುವ ಮೊದಲೇ ಸೈಕಲ್ ದಾರಿಯನ್ನು ದಾಟುತ್ತದೆ. ಅಳತೆಗೆ ಸಿಗೋದು 160 ಮೀಟರ್ ಮಾತ್ರ, ಸಮಯ 19.2 ಸೆಕೆಂಡ್, ಲೆಕ್ಕದ ವೇಗ 37.5! ಅದೇ ಸವಾರ, ಅದೇ ಓಟ, ಒಂದು ಬದಿಯಿಂದ 25, ಇನ್ನೊಂದು ಬದಿಯಿಂದ 37.5. ಗೆಳೆಯನಿಗೆ ಈ ಎರಡನೇ ಜಾಗ ತುಂಬಾ ಹಿಡಿಸಿತು ಅಂತ ಬೇರೆ ಹೇಳಬೇಕಾಗಿಲ್ಲ.

ಇದರಲ್ಲಿ ಒಂದು ಸೊಗಸಿದೆ. ಉದ್ದಕ್ಕೆ ನೀವು ಎಲ್ಲಿ ಬೇಕಾದರೂ ಕೂರಿ, ಮಧ್ಯದಲ್ಲಿ, ಒಂದು ಕಲ್ಲಿನ ಎದುರು, ಎಲ್ಲೇ ಆದರೂ ಒಟ್ಟು ತಪ್ಪು ಬದಲಾಗೋದಿಲ್ಲ. ಒಂದು ಕಲ್ಲಿಗೆ ಸರಿಯಾಗಿ ಎದುರು ಕೂತರೆ ಆ ತುದಿಯಲ್ಲಿ ತಪ್ಪು ಸೊನ್ನೆ, ಆದರೆ ಇನ್ನೊಂದು ತುದಿಯಲ್ಲಿ ಪೂರ್ತಿ 40 ಮೀಟರ್. ಲೆಕ್ಕಕ್ಕೆ ಬರೋದು ಎರಡೇ ದೂರ: ನಿಮ್ಮಿಂದ ಸೈಕಲ್ ದಾರಿಗೆ ಎಷ್ಟು, ನಿಮ್ಮಿಂದ ಕಲ್ಲಿನ ಸಾಲಿಗೆ ಎಷ್ಟು, ಎರಡನ್ನೂ ರಸ್ತೆಗೆ ನೇರ ಅಡ್ಡವಾಗಿ ಅಳೆದದ್ದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದರಿಂದ ನಿಮ್ಮ ಉತ್ತರವನ್ನು ಗುಣಿಸಿ. ಮರದ ಕೆಳಗೆ 12 ಭಾಗಿಸು 10, ಅಂದರೆ 1.2. ಇಪ್ಪತ್ತೈದರ 1.2 ಪಟ್ಟು 30. ಆಚೆ ಬದಿಯಲ್ಲಿ 8 ಭಾಗಿಸು 10, 37.5 ಅನ್ನು 0.8ರಿಂದ ಗುಣಿಸಿದರೆ ಅಲ್ಲೂ 30. ಅಣ್ಣ ತಮ್ಮಂದಿರ ಜಗಳ ಅಲ್ಲಿಗೆ ಮುಗಿಯಿತು.

ಹಾಗಾದರೆ ಹಿಂಗೇ ಗುಣಿಸಿಕೊಂಡು ಹೋದರೆ ಆಯ್ತಲ್ವಾ? ಪೂರ್ತಿ ಆಗೋದಿಲ್ಲ. ಸವಾರ ಒಂದು ಸಲ ಅಂಚಿಗೆ ಹತ್ತಿರ ಹೋಗುತ್ತಾನೆ, ಇನ್ನೊಂದು ಸಲ ಗುಂಡಿ ತಪ್ಪಿಸೋಕೆ ಅರ್ಧ ಮೀಟರ್ ಆಚೆ ಹೋಗುತ್ತಾನೆ. ಆ ಅರ್ಧ ಮೀಟರಿಗೇ 1.2 ಇದ್ದದ್ದು 1.25 ಆಗುತ್ತದೆ, ವೇಗದಲ್ಲಿ ಒಂದು ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಒಬ್ಬರೇ ಇದ್ದೀರಿ, ಬೇರೆ ದಾರಿ ಇಲ್ಲ ಅಂದರೆ ಕಲ್ಲಿನ ಸಾಲಿನಿಂದ ಆದಷ್ಟು ಹಿಂದಕ್ಕೆ ಹೋಗಿ. 40 ಮೀಟರ್ ಹಿಂದೆ ನಿಂತರೆ ಪಟ್ಟು 1.05ಕ್ಕೆ ಇಳಿಯುತ್ತದೆ, ಸವಾರ ಆಚೀಚೆ ಆದರೂ ಅಷ್ಟೊಂದು ಏರುಪೇರಾಗೋದಿಲ್ಲ.

ಇಬ್ಬರು ಇದ್ದರೆ ಈ ತಲೆನೋವೇ ಬೇಡ. ಈಗ ನಾನು ಮಾಡೋದು ಹೀಗೆ. ಪ್ರತಿ ಕಲ್ಲಿನ ಎದುರಿಗೆ, ಸೈಕಲ್ ಹೋಗುವ ಕಡೆ, ಟಾರಿನ ಮೇಲೆ ಚಾಕ್‌ಪೀಸಿನಿಂದ ಅಡ್ಡಗೆರೆ ಎಳೆಯುತ್ತೇನೆ. ಗೆರೆ ರಸ್ತೆಗೆ ನೇರ ಅಡ್ಡವಾಗಿರಬೇಕು, ಓರೆ ಇರಬಾರದು. ಚಕ್ರ ಮುಟ್ಟುವ ಜಾಗದಲ್ಲೇ ಗುರುತು ಇದ್ದರೆ ಎಲ್ಲಿಂದ ನೋಡಿದರೂ ಓರೆನೋಟದ ತಪ್ಪು ಬರೋದಿಲ್ಲ. ಆದರೆ ದೂರದಿಂದ ಗೆರೆಯೇ ಕಾಣೋದಿಲ್ಲವಾದ್ದರಿಂದ ಒಬ್ಬೊಬ್ಬರು ಒಂದೊಂದು ಗೆರೆಯ ಹತ್ತಿರ ನಿಲ್ಲಬೇಕು. ವಾಹನ ಬರ್ತಿಲ್ಲ ಅಂತ ನೋಡಿಕೊಂಡು ಗೆರೆ ಎಳೆಯಿರಿ, ಎಳೆದ ಮೇಲೆ ರಸ್ತೆಯಿಂದ ಈಚೆ ಬನ್ನಿ.

ಸಮಯ ಹಿಡಿಯೋದು ಹೇಗೆ? ಮೊದಲ ಕಲ್ಲಿನಿಂದ ಶಿಳ್ಳೆ ಹಾಕೋದು ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, 200 ಮೀಟರ್ ಬರೋ ಹೊತ್ತಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿಯೇ ಕಳೆದಿರುತ್ತದೆ. ಸ್ಟಾಪ್‌ವಾಚ್ ತಡವಾಗಿ ಶುರುವಾಗಿ ವೇಗ ಜಾಸ್ತಿ ಬರುತ್ತದೆ. ಬಟ್ಟೆ ಬೀಸಿದರೆ ಆ ತೊಂದರೆ ಇಲ್ಲ, ಆದರೂ ನೋಡಿ ಒತ್ತೋಕೆ ಕೈಗೆ ಸ್ವಲ್ಪ ಹೊತ್ತು ಬೇಕು. ಕೊನೆಯಲ್ಲಿ ಮಾತ್ರ ಈ ತಡ ಇರೋದಿಲ್ಲ, ಯಾಕೆಂದರೆ ಸೈಕಲ್ ಬರೋದು ಮುಂಚೆಯೇ ಕಾಣುತ್ತಿರುತ್ತದೆ, ಬೆರಳು ಸಿದ್ಧವಾಗಿರುತ್ತದೆ. ಶುರುವಿನಲ್ಲಿ ತಡ, ಕೊನೆಯಲ್ಲಿ ಇಲ್ಲ ಅಂದರೆ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಅದು ಹೋಗೋದಿಲ್ಲ.

ಅದಕ್ಕೇ ಇಬ್ಬರೂ ಒಂದೇ ಕಡೆ ನಿಂತು, ಎರಡು ಮೊಬೈಲನ್ನು ಪಕ್ಕಪಕ್ಕ ಹಿಡಿದು, ಸ್ಟಾಪ್‌ವಾಚನ್ನು ಒಟ್ಟಿಗೆ ಶುರು ಮಾಡುತ್ತೇವೆ. ಎರಡರ ಅಂಕಿಯೂ ಒಂದೇ ಥರ ಓಡುತ್ತಿದೆಯಾ ಅಂತ ಫೋಟೋ ತೆಗೆದು ನೋಡಬಹುದು, ವ್ಯತ್ಯಾಸ ಇದ್ದರೆ ಬರೆದಿಟ್ಟುಕೊಂಡರೆ ಸಾಕು. ಆಮೇಲೆ ನಮ್ಮ ನಮ್ಮ ಗೆರೆಗೆ ನಡೆದು ಹೋಗುತ್ತೇವೆ. ಮುಂದಿನ ಚಕ್ರ ಗೆರೆ ಮುಟ್ಟಿದಾಗ ಲ್ಯಾಪ್ ಒತ್ತೋದು, ಇಬ್ಬರೂ ಮುಂದಿನ ಚಕ್ರವನ್ನೇ ನೋಡಬೇಕು. ಸವಾರ ಬರೋದು ಇಬ್ಬರಿಗೂ ಮೊದಲೇ ಕಾಣುತ್ತದೆ, ಹಾಗಾಗಿ ಎರಡು ತುದಿಯಲ್ಲೂ ತಪ್ಪು ಒಂದೇ ಥರ. ಒಂದು ಓಟದಲ್ಲಿ ನನ್ನದು 3 ನಿಮಿಷ 41.6 ಸೆಕೆಂಡ್, ಅವನದು 4 ನಿಮಿಷ 5.8 ಸೆಕೆಂಡ್. ಕಳೆದರೆ 24.2 ಸೆಕೆಂಡ್, ವೇಗ 29.75. ಬೆರಳಿನ ತಪ್ಪು 0.2 ಸೆಕೆಂಡ್ ಆಚೀಚೆ ಅಂತ ಹಿಡಿದರೆ 29.5ರಿಂದ 30ರ ಒಳಗೆ. ದಶಮಾಂಶದ ಎರಡನೇ ಅಂಕಿಗೆ ಬೆಲೆ ಕೊಡಬೇಡಿ, ಅದು ಕ್ಯಾಲ್ಕುಲೇಟರಿನ ಉದಾರತೆ.

ಇನ್ನು ಕಲ್ಲುಗಳೇ ಸರಿ ಇವೆಯಾ? ರಸ್ತೆ ಅಗಲ ಮಾಡುವಾಗ, ತಿರುವು ನೇರ ಮಾಡುವಾಗ ಕಲ್ಲುಗಳನ್ನು ಕಿತ್ತು ಮತ್ತೆ ನೆಡುತ್ತಾರೆ, ಒಂದೆರಡು ಹೆಜ್ಜೆ ಆಚೀಚೆ ಆಗೋದು ದೊಡ್ಡ ವಿಷಯವಲ್ಲ. ನೋಡೋದು ಸುಲಭ. ಟೇಪು ಹಿಡಿದು ನಿಮ್ಮ ಸೈಕಲ್ ಚಕ್ರದ ಹತ್ತು ಸುತ್ತಿಗೆ ಎಷ್ಟು ದೂರ ಅಂತ ಅಳೆಯಿರಿ. ನನ್ನದಕ್ಕೆ 21 ಮೀಟರ್ ಬಂತು, ಅಂದರೆ ಸುತ್ತಿಗೆ 2.1. ಆಮೇಲೆ ಟೈರಿನ ವಾಲ್ವ್ ಕೆಳಗೆ ಬಂದಾಗಲೆಲ್ಲ ಎಣಿಸುತ್ತಾ ಒಂದು ಗೆರೆಯಿಂದ ಇನ್ನೊಂದಕ್ಕೆ ಸೈಕಲ್ ತಳ್ಳಿಕೊಂಡು ಹೋಗಿ. ಅಳೆಯುವಾಗ ತಳ್ಳಿದ್ದರೆ ಎಣಿಸುವಾಗಲೂ ತಳ್ಳಿ, ಹತ್ತಿ ಕೂರಬೇಡಿ, ಕೂತರೆ ಟೈರು ಅಮುಕಿ ಸುತ್ತಳತೆ ಸ್ವಲ್ಪ ಕಡಿಮೆಯಾಗುತ್ತದೆ. ಆ ಜಾಗದಲ್ಲಿ ನನಗೆ ತೊಂಬತ್ತಮೂರೂವರೆ ಸುತ್ತು ಬಂತು, ಅಂದರೆ 196 ಮೀಟರ್ ಚಿಲ್ಲರೆ. ಅಲ್ಲಿಗೆ 720ರ ಬದಲು 707 ಅನ್ನು ಭಾಗಿಸಬೇಕು, 24.2 ಸೆಕೆಂಡಿನ ಓಟ 29.2ಕ್ಕೆ ಇಳಿಯಿತು. ಬೆರಳಿನ ತಪ್ಪಿಗಿಂತ ಕಲ್ಲಿನ ತಪ್ಪೇ ದೊಡ್ಡದು, ಅಲ್ವಾ?

ಸವಾರನಿಗೆ ಹೇಳಬೇಕಾದ್ದು ಇಷ್ಟೇ: ಗೆರೆಗಿಂತ ನೂರು ಮೀಟರ್ ಮೊದಲೇ ವೇಗ ಹಿಡಿ, ಕೊನೇ ಗೆರೆ ದಾಟಿದ ಮೇಲೂ ಹಾಗೇ ತುಳಿ. ಗೆರೆ ಕಂಡ ಕೂಡಲೇ ಜೋರು ಮಾಡುವ ಚಟ ಎಲ್ಲರಿಗೂ ಇರುತ್ತದೆ. ಗಾಳಿ ಇದ್ದರೆ ಹೋಗೋದು ಬರೋದು ಎರಡೂ ಅಳೆಯಿರಿ. ಸರಾಸರಿ ಬೇಕಾದರೆ ವೇಗಗಳನ್ನು ಕೂಡಿಸಿ ಅರ್ಧ ಮಾಡಬೇಡಿ, ಸೆಕೆಂಡುಗಳನ್ನು ಕೂಡಿಸಿ. 200 ಮೀಟರಿಗೆ ಗಾಳಿಯ ಜೊತೆ 24, ಎದುರುಗಾಳಿಗೆ 30 ಸೆಕೆಂಡ್ ಅಂದರೆ 400 ಮೀಟರಿಗೆ 54 ಸೆಕೆಂಡ್, ವೇಗ 26.7. ಮೂವತ್ತು ಮತ್ತು ಇಪ್ಪತ್ತನಾಲ್ಕರ ನಡುವಿನ 27 ಅಲ್ಲ, ಯಾಕೆಂದರೆ ನಿಧಾನ ಹೋದ ಕಡೆ ಅವನು ಜಾಸ್ತಿ ಹೊತ್ತು ಇದ್ದ. ಗಾಳಿ ಇಲ್ಲದ ದಿನ ಎಷ್ಟು ಬರುತ್ತಿತ್ತು ಅಂತ ಈ 26.7ರಿಂದ ಹೇಳೋಕಾಗೋದಿಲ್ಲ. ಅದಕ್ಕೆ ಗಾಳಿ ಇಲ್ಲದ ಬೆಳಗ್ಗೆಯೇ ಬೇಕು.