ಬುಟ್ಟಿಯಲ್ಲಿ ಬಿಟ್ಟುಹೋದ ಸೀರೆಯ ಮೇಲ್ ಸರಿ ಮಾಡಿದ್ದು

ನಾವು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಯಾರಾದರೂ ಸೀರೆಯನ್ನು ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟದೆ ಹೋದರೆ ತಾನಾಗಿಯೇ ಮೂರು ಮೇಲ್ ಹೋಗುತ್ತಿದ್ದವು. ಒಂದು ಗಂಟೆಯ ಬಳಿಕ "ಏನೋ ಮರೆತಿರಾ?", ಮರುದಿನ "ನಿಮ್ಮ ಸೀರೆ ಕಾಯುತ್ತಿದೆ", ಮೂರನೇ ದಿನ "ಕೊನೆಯ ಅವಕಾಶ, 10% ಕಡಿತ". ಎಲ್ಲೋ ಸಿಕ್ಕ ಟೆಂಪ್ಲೇಟನ್ನು ನಾನೇ ತಂದು ಹಾಕಿದ್ದೆ.

ಒಂದು ದಿನ ಹುಬ್ಬಳ್ಳಿಯ ಗ್ರಾಹಕರೊಬ್ಬರು ಫೋನ್ ಮಾಡಿದರು. "ಅಲ್ರೀ, ಒಂದ್ ಸೀರಿ ನೋಡಿದ್ದಕ್ಕ ಸಾಲ ವಸೂಲಿಗೆ ಬಂದೋರಂಗ ಬೆನ್ನು ಹತ್ತೀರಲ್ಲ?" ಕ್ಷಮೆ ಕೇಳಿದೆ. ಆಮೇಲೆ, ಸೀರೆ ಯಾಕೆ ಬಿಟ್ರಿ ಅಂತ ಸುಮ್ನೆ ಕೇಳಿದೆ. "ಬ್ಲೌಸ್ ಪೀಸ್ ಬರ್ತದೋ ಇಲ್ಲೋ ಎಲ್ಲೂ ಬರೆದಿಲ್ಲ. ಕೊರಿಯರ್ ಖರ್ಚು ಕಡೀಕ್ ತೋರಿಸ್ತೀರಿ."

ಅವರು ಏನನ್ನೂ ಮರೆತಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಅಷ್ಟೇ. ಹಳೆಯ ಮೇಲ್‌ಗಳಿಗೆ ಬಂದಿದ್ದ ಉತ್ತರಗಳನ್ನು ತೆಗೆದು ಓದಿದರೆ ಅಲ್ಲೂ ಇವೇ ಎರಡು ಮಾತು ಮತ್ತೆ ಮತ್ತೆ. ಆ ಇನ್‌ಬಾಕ್ಸನ್ನು ನಾವು ತೆರೆದೇ ಇರಲಿಲ್ಲ, ನೋಡಿ.

ಮೂರು ಮೇಲ್ ಕಿತ್ತು ಒಂದೇ ಮಾಡಿದೆ. ಅದು ಹೋಗುವುದು ಮರುದಿನ. ವಿಷಯದ ಸಾಲಿನಲ್ಲಿ "ನೀವು ನೋಡಿದ ಇಳಕಲ್ ಸೀರೆ: ಬ್ಲೌಸ್ ಮತ್ತು ಕೊರಿಯರ್ ವಿವರ" ಎಂದಷ್ಟೇ ಇದೆ. ಒಳಗೆ ಸೀರೆಯ ಒಂದು ಫೋಟೋ, ಕೆಳಗೆ ಹೀಗೆ:

"ಈ ಸೀರೆಯ ಜೊತೆ ಬ್ಲೌಸ್ ಪೀಸ್ ಬರುವುದಿಲ್ಲ. ಇದಕ್ಕೆ ಹೊಂದುವ ಗುಳೇದಗುಡ್ಡದ ಖಣ ಬೇರೆಯಾಗಿ ಸಿಗುತ್ತದೆ. ಕೊರಿಯರ್ ಸೇರಿ ನೀವು ಕೊಡಬೇಕಾದ ಒಟ್ಟು ಮೊತ್ತ ಇಷ್ಟು. ಬಣ್ಣದ ಬಗ್ಗೆ ಅನುಮಾನವಿದ್ದರೆ ಇದಕ್ಕೇ ಉತ್ತರಿಸಿ, ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಕಳಿಸುತ್ತೇವೆ."

'ಬ್ಲೌಸ್ ಪೀಸ್ ಇಲ್ಲ' ಅಂತ ಮೇಲ್‌ನಲ್ಲೇ ಹೇಳಲು ಮೊದಲು ಹಿಂಜರಿದೆ. ಆದರೆ ಸೀರೆ ಮನೆಗೆ ಬಂದ ಮೇಲೆ ಗೊತ್ತಾಗಿ ವಾಪಸ್ ಕಳಿಸುವುದಕ್ಕಿಂತ ಇದು ವಾಸಿ ಅಲ್ವಾ? ಇದೇ ಎರಡು ಸಾಲನ್ನು ಸೀರೆಯ ಪುಟಕ್ಕೂ ಹಾಕಿದೆವು. ನಿಜವಾಗಿ ಮೊದಲು ಅಲ್ಲೇ ಇರಬೇಕಿತ್ತು.

10% ಕಡಿತವನ್ನು ತೆಗೆದೇಬಿಟ್ಟೆ. ಹಳೆಯ ಗಿರಾಕಿಗಳು ಕೆಲವರು ಬೇಕಂತಲೇ ಕಾರ್ಟ್ ಬಿಟ್ಟು ಮೂರನೇ ದಿನಕ್ಕೆ ಕಾಯುತ್ತಿದ್ದರು. ಆ ಚಟ ಕಲಿಸಿದ್ದು ನಾವೇ. "ಕೊನೆಯ ಅವಕಾಶ" ಅನ್ನುವುದಂತೂ ಸುಳ್ಳೇ ಆಗಿತ್ತು, ಅದೇ ಸೀರೆ ಇನ್ನೂ ಐದಾರು ಇರುತ್ತಿದ್ದವು. ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು, ಅಂದರೆ ಡಾರ್ಕ್ ಪ್ಯಾಟರ್ನ್‌ಗಳನ್ನು, ತಡೆಯಲು ಕೇಂದ್ರ ಸರ್ಕಾರ 2023ರಲ್ಲಿ ತಂದ ಮಾರ್ಗಸೂಚಿಯ ಪಟ್ಟಿಯಲ್ಲಿ ಸುಳ್ಳು ಅವಸರ ಹುಟ್ಟಿಸುವುದು ಮತ್ತು ಪದೇ ಪದೇ ಪೀಡಿಸುವುದು ಎರಡೂ ಇವೆ.

ಇನ್ನು ಮೇಲ್ ಬೇಡ ಅನ್ನುವವರು ಬಿಟ್ಟುಹೋಗುವ ದಾರಿ. ಮೊದಲು ಅದು ಮೇಲ್‌ನ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು. ಈಗ ಖರೀದಿ ಬಟನ್ ಕೆಳಗೇ ಎರಡು ಸಾಲು: "ಈ ಸೀರೆ ಬೇಡ", "ಇಂಥ ಮೇಲ್ ಬೇಡವೇ ಬೇಡ". ಮೊದಲನೆಯದು ಕಾರ್ಟ್ ಖಾಲಿ ಮಾಡುತ್ತದೆ. ಎರಡನೆಯದು ಈ ನೆನಪಿನ ಮೇಲ್ ಪೂರ್ತಿ ನಿಲ್ಲಿಸುತ್ತದೆ, ಆದರೆ ಆರ್ಡರ್ ರಸೀದಿ ಬರುತ್ತಲೇ ಇರುತ್ತದೆ. ಜೊತೆಗೆ ಜಿಮೇಲ್‌ನಂಥ ಕಡೆ ಮೇಲುಗಡೆಯೇ ಅನ್‌ಸಬ್‌ಸ್ಕ್ರೈಬ್ ಕಾಣಲಿ ಅಂತ ಈ ಹೆಡರ್ ಸೇರಿಸಿದೆ:

```
List-Unsubscribe: <https://example.com/stop?id=TOKEN>
List-Unsubscribe-Post: List-Unsubscribe=One-Click
```

ಇಲ್ಲೊಂದು ಎಡವಟ್ಟಾಯಿತು. ಮೊದಲ ವಾರದಲ್ಲೇ ಕೆಲವರ ಕಾರ್ಟ್ ತಾನಾಗಿ ಖಾಲಿಯಾಯಿತು. "ನಾನು ಏನೂ ಒತ್ತಿಲ್ಲ" ಎಂದು ಒಬ್ಬರು ಬರೆದರು. ಲಾಗ್ ನೋಡಿದರೆ ಮೇಲ್ ತಲುಪಿದ ಕೆಲವೇ ಸೆಕೆಂಡಿನಲ್ಲಿ ಅದರಲ್ಲಿದ್ದ ಎಲ್ಲ ಲಿಂಕುಗಳೂ ಒಟ್ಟಿಗೇ ತೆರೆದಿದ್ದವು. ಮನುಷ್ಯರು ಹಾಗೆ ಒತ್ತುವುದಿಲ್ಲ. ಎಲ್ಲವೂ ಆಫೀಸಿನ ವಿಳಾಸಗಳು. ಅಲ್ಲಿನ ಸೆಕ್ಯುರಿಟಿ ಸಾಫ್ಟ್‌ವೇರ್ ಲಿಂಕ್ ಸುರಕ್ಷಿತವೇ ಎಂದು ತೆರೆದು ನೋಡುತ್ತದೆ, ನಮ್ಮ ಸರ್ವರ್ ಅದನ್ನೇ 'ಬೇಡ' ಅಂದುಕೊಂಡಿತ್ತು. ಈಗ ಮೇಲ್‌ನ ಒಳಗಿನ ಲಿಂಕ್ ಒತ್ತಿದರೆ ಒಂದು ಪುಟ್ಟ ಪುಟ ತೆರೆಯುತ್ತದೆ, ಅಲ್ಲಿ "ಹೌದು, ನಿಲ್ಲಿಸಿ" ಒತ್ತಿದರೆ ಮಾತ್ರ ಕೆಲಸ ಆಗುತ್ತದೆ. ಲಾಗಿನ್ ಕೇಳುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಹೆಡರ್‌ನಲ್ಲಿರುವುದಕ್ಕೆ ಈ ಎರಡನೇ ಒತ್ತು ಬೇಕಿಲ್ಲ, ಏಕೆಂದರೆ ಅದು `POST` ಆಗಿ ಬರುತ್ತದೆ. ಸುಮ್ನೆ ಲಿಂಕ್ ತೆರೆದು ನೋಡುವ ಸಾಫ್ಟ್‌ವೇರ್ ಕಳಿಸುವುದು `GET`.

ಒಂದು ತೊಂದರೆ ಇನ್ನೂ ಉಳಿದಿದೆ. ಮೇಲ್ ಹೊರಡುವ ಮುಂಚೆ, ಇವರು ಈಗಾಗಲೇ ಕೊಂಡಿದ್ದಾರಾ ಎಂದು ಸಿಸ್ಟಮ್ ನೋಡುತ್ತದೆ. ಆದರೆ ಕೆಲವರು ಸೈಟ್‌ನಲ್ಲಿ ಆರಿಸಿ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಕೊಡುತ್ತಾರೆ. ಅವರ ಕಾರ್ಟನ್ನು ನನ್ನ ತಂಗಿ ಕೈಯಾರೆ ಮುಚ್ಚಬೇಕು. ಅವಳು ಮರೆತ ದಿನ, ಆಗಲೇ ಪ್ಯಾಕ್ ಆಗಿ ಕೊರಿಯರ್ ಗಾಡಿ ಹತ್ತಿದ ಸೀರೆಗೂ ನಮ್ಮ ಮೇಲ್ ಹೋಗುತ್ತದೆ.