ಅಂಗಡಿ ಪುಡಿಗೆ ಯಾವ ಬಾಸ್ಕೆಟ್? ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿಗೆ ಬರ ಇಲ್ಲ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಬೀಜ ಹುರಿದು, ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿ ಇದೆ. ಹಾಗಾಗಿ ಕಳೆದ ವರ್ಷ ಮನೆಗೆ ಚಿಕ್ಕ ಎಸ್ಪ್ರೆಸೊ ಯಂತ್ರ ತಂದಾಗ ಗ್ರೈಂಡರ್ ಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅಷ್ಟು ಒಳ್ಳೆ ಪುಡಿ ಕೈಗೆ ಸಿಗುವಾಗ ಮತ್ತೆ ಯಾಕೆ ಖರ್ಚು, ಅಲ್ವಾ?

ಯಂತ್ರದ ಜೊತೆ ಪುಡಿ ತುಂಬುವ ತೂತಿನ ಬಟ್ಟಲು, ಅಂದರೆ ಬಾಸ್ಕೆಟ್, ಎರಡು ಬಂದಿದ್ದವು. ಒಂದು ಕಪ್‌ಗೆ ಒಂದು, ಎರಡು ಕಪ್‌ಗೆ ಇನ್ನೊಂದು. ಒಳಗಿನಿಂದ ನೋಡಿದರೆ ತಳದ ತುಂಬ ಸಣ್ಣ ಸಣ್ಣ ತೂತು. ತಿರುಗಿಸಿ ಹೊರಗಿನಿಂದ ನೋಡಿದರೆ ನಡುವೆ ಸೂಜಿಮೊನೆಯಷ್ಟು ಒಂದೇ ತೂತು. ಅಂದರೆ ತಳಕ್ಕೆ ಎರಡು ಪದರ. ಇದೇ ಪ್ರೆಶರೈಸ್ಡ್ ಬಾಸ್ಕೆಟ್. ಇನ್ನೊಂದು ಬಗೆಗೆ ಒಂದೇ ಪದರ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತಳದ ಅಷ್ಟೂ ತೂತುಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ.

ನಿಜವಾದ ಎಸ್ಪ್ರೆಸೊ ಒಂದು ಪದರದ ಬಾಸ್ಕೆಟ್‌ನಲ್ಲೇ ಆಗುವುದು ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದೆ. ನಮ್ಮ ಯಂತ್ರಕ್ಕೆ ಹೊಂದುವ 51 ಮಿಲಿಮೀಟರ್ ಅಳತೆಯದ್ದನ್ನು ತರಿಸಿಕೊಂಡೆ. ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ 14 ಗ್ರಾಂ ತೂಗಿ ಹಾಕಿ, ಚೆನ್ನಾಗಿ ಒತ್ತಿ, ಗುಂಡಿ ಅದುಮಿದೆ. ಎಂಟು ಸೆಕೆಂಡಿಗೆ ಲೋಟ ತುಂಬಿತು. ತೂಕ ನೋಡಿದರೆ 40 ಗ್ರಾಂ. ಟೀ ಬಣ್ಣದ ನೀರು, ನಾಲಿಗೆಗೆ ಹುಳಿ, ಮೇಲೆ ನೊರೆಯೇ ಇಲ್ಲ. 14 ಗ್ರಾಂ ಪುಡಿಯಿಂದ 28 ಗ್ರಾಂ ಆಸುಪಾಸು, ಅದೂ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕಿತ್ತು.

ಇನ್ನೂ ಗಟ್ಟಿಯಾಗಿ ಒತ್ತಿ ನೋಡಿದೆ. ಹನ್ನೊಂದು ಸೆಕೆಂಡ್. ಒತ್ತುವುದರಿಂದ ಇದು ಸರಿಹೋಗುವುದಿಲ್ಲ ಅಂತ ಆಮೇಲೆ ಅರ್ಥವಾಯಿತು. ಒಂದು ಪದರದ ಬಾಸ್ಕೆಟ್‌ನಲ್ಲಿ ನೀರನ್ನು ತಡೆಯುವುದು ಪುಡಿ ಮಾತ್ರ. ತರಿಯಾಗಿದ್ದರೆ ಕಣಗಳ ನಡುವೆ ಜಾಗ ಜಾಸ್ತಿ, ಎಷ್ಟೇ ಒತ್ತಿದರೂ ನೀರು ದಾರಿ ಹುಡುಕಿಕೊಳ್ಳುತ್ತದೆ. ನೀರು ಸರಾಗ ಇಳಿದುಹೋದರೆ ಒತ್ತಡ ಕಟ್ಟುವುದಿಲ್ಲ, ಸಾರವೂ ಬಿಡುವುದಿಲ್ಲ. ಫಿಲ್ಟರ್ ಪುಡಿ ಮಾಡಿರುವುದೇ ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ಹನಿ ಹನಿ ಇಳಿಯಲಿ ಅಂತ. ಯಂತ್ರದ ಪಂಪ್ ತಳ್ಳುವ ನೀರನ್ನು ತಡೆಯುವಷ್ಟು ಅದು ನುಣ್ಣಗಿಲ್ಲ.

ಅಂಗಡಿಗೆ ಹೋದೆ. "ಅಣ್ಣ, ಇನ್ನೂ ನುಣ್ಣಗೆ ಬೇಕು, ಚಿಕೋರಿ ಬೇಡ" ಅಂದೆ.

"ಎಷ್ಟು ನುಣ್ಣಗೆ ಮೇಡಂ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಪಾಪ, ಮಿಷನ್ ಬಿಗಿ ಮಾಡಿ ನೂರು ಗ್ರಾಂ ಪುಡಿ ಮಾಡಿಕೊಟ್ಟರು. ಮೈದಾ ಥರ ಇತ್ತು. ಮನೆಗೆ ಬಂದು ಹಾಕಿದೆ. ಪಂಪ್ ನರಳಿತು. ಮುಕ್ಕಾಲು ನಿಮಿಷ ಕಳೆದರೂ ಬಿದ್ದಿದ್ದು ನಾಲ್ಕು ಕಪ್ಪು ಹನಿ, ಸುಟ್ಟ ಕಹಿ. ಕಟ್ಟಿಕೊಂಡಿದೆ ಅಂತ ನಿಲ್ಲಿಸಿ, ತಕ್ಷಣ ಬಾಸ್ಕೆಟ್ ಕೂರುವ ಹಿಡಿಯನ್ನು ತಿರುಗಿಸಿ ಬಿಚ್ಚಿಬಿಟ್ಟೆ. ಒಳಗೆ ಉಳಿದಿದ್ದ ಒತ್ತಡಕ್ಕೆ ಬಿಸಿ ಪುಡಿ ಗೋಡೆಗೆಲ್ಲ ಸಿಡಿಯಿತು, ಕೈಗೂ ಬಿತ್ತು. ಇದನ್ನು ದಯವಿಟ್ಟು ನೆನಪಿಡಿ. ನೀರು ಇಳಿಯದೆ ಕಟ್ಟಿಕೊಂಡಾಗ ಒತ್ತಡ ತಾನಾಗಿ ಇಳಿಯುವ ತನಕ ಕೆಲವು ನಿಮಿಷ ಹಾಗೇ ಬಿಡಬೇಕು. ಕಡಿಮೆ ಬೆಲೆಯ ಎಷ್ಟೋ ಯಂತ್ರಗಳಲ್ಲಿ ಒತ್ತಡವನ್ನು ಹೊರಗೆ ಬಿಡುವ ವಾಲ್ವ್ ಇರುವುದಿಲ್ಲ.

ಎರಡೂ ಪುಡಿಯನ್ನು ಅರ್ಧರ್ಧ ಬೆರೆಸಿಯೂ ನೋಡಿದೆ. ಮೊದಲ ದಿನ 22 ಸೆಕೆಂಡ್ ಬಂತು, ಖುಷಿಯಾಯಿತು. ನಾಲ್ಕನೇ ದಿನಕ್ಕೆ ಅದೇ ಪುಡಿ, ಅದೇ ತೂಕ, 15 ಸೆಕೆಂಡ್. ಒಂದು ಕಡೆಯಿಂದ ಮಾತ್ರ ಬಿಳಿಚಿಕೊಂಡ ಧಾರೆ. ಹುರಿದ ಬೀಜದೊಳಗಿನ ಗ್ಯಾಸ್ ಪುಡಿ ಮಾಡಿದ ಮೇಲೆ ಬೇಗ ಬೇಗ ಹೊರಟುಹೋಗುತ್ತದೆ. ಅದು ಕಡಿಮೆಯಾದ ಹಾಗೆ ನೊರೆ ಕಡಿಮೆ, ನೀರಿಗೆ ತಡೆಯೂ ಕಡಿಮೆ. ಗ್ರೈಂಡರ್ ಇದ್ದವರು ಆಗ ಒಂದು ಕೂದಲಿನಷ್ಟು ಬಿಗಿ ಮಾಡಿಕೊಳ್ಳುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಪುಡಿ ಬದಲಾದರೂ ಅಷ್ಟೇ. ಡಬ್ಬಿಯಲ್ಲಿರುವ ಪುಡಿಯನ್ನು ನಾನು ಹೇಗೆ ಬಿಗಿ ಮಾಡಲಿ? ಪ್ರತಿ ನಾಲ್ಕು ದಿನಕ್ಕೆ ಅಂಗಡಿ ಮಿಷನ್ ನನಗೋಸ್ಕರ ತಿರುಗಿಸಿ ಅನ್ನುವುದಕ್ಕೂ ಆಗುವುದಿಲ್ಲ.

ಮೂರು ವಾರದ ನಂತರ ಎರಡು ಪದರದ ಬಾಸ್ಕೆಟ್ ಮತ್ತೆ ಹಾಕಿದೆ. ಅಲ್ಲಿ ನೀರನ್ನು ತಡೆಯುವ ಮುಖ್ಯ ಕೆಲಸ ಆ ಒಂಟಿ ತೂತಿನದ್ದು, ಪುಡಿಯದ್ದಲ್ಲ. ಹಾಗಾಗಿ ಪುಡಿ ಸ್ವಲ್ಪ ತರಿಯಾಗಿದ್ದರೂ, ನಾಲ್ಕು ದಿನ ಹಳೆಯದಾಗಿದ್ದರೂ ಒತ್ತಡ ಕಟ್ಟುತ್ತದೆ. ಗ್ರೈಂಡರ್ ಇಲ್ಲದೆ ಶುರು ಮಾಡುವವರಿಗೆ ಇದೇ ಸರಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಇದರಲ್ಲೂ ತಿಳಿದುಕೊಂಡು ಮಾಡುವುದು ಇದೆ.

ನಾನು ಮಾಡುವುದು ಹೀಗೆ. ಮೊದಲು ಖಾಲಿ ಬಾಸ್ಕೆಟ್ ಹಾಕಿ ಒಂದು ಸಲ ಬಿಸಿನೀರು ಬಿಟ್ಟು, ಬಾಸ್ಕೆಟ್, ಲೋಟ ಎರಡನ್ನೂ ಬಿಸಿ ಮಾಡಿಕೊಂಡು, ಒರೆಸುತ್ತೇನೆ. ಚಿಕೋರಿ ಇಲ್ಲದ ಫಿಲ್ಟರ್ ಪುಡಿ 14 ಗ್ರಾಂ. ಬೆರಳಲ್ಲಿ ತಟ್ಟಿ ಸಮ ಮಾಡಿ, ಟ್ಯಾಂಪರ್‌ನಿಂದ ಹಗುರವಾಗಿ ಒತ್ತಿದರೆ ಸಾಕು. ಲೋಟವನ್ನು ತಕ್ಕಡಿ ಮೇಲಿಟ್ಟು 30 ಗ್ರಾಂ ಆಗುತ್ತಿದ್ದ ಹಾಗೆ ನಿಲ್ಲಿಸುತ್ತೇನೆ. ಯಂತ್ರದ ಎರಡು ಕಪ್ ಗುಂಡಿಯನ್ನು ನಂಬಿದರೆ ನೀರು ಜಾಸ್ತಿ ಬಂದು ಕಹಿಯಾಗುತ್ತದೆ. ಮೈದಾದಂಥ ಪುಡಿಯನ್ನು ಇದಕ್ಕೆ ಹಾಕಲೇಬೇಡಿ, ತೂತು ಕಟ್ಟಿಕೊಳ್ಳುತ್ತದೆ.

ನೊರೆ ನೋಡಿ ಮೋಸ ಹೋಗಬಾರದು. ಸಣ್ಣ ತೂತಿನಿಂದ ಚಿಮ್ಮುವುದರಿಂದ ಎಂಥ ಹಳೇ ಪುಡಿಯಲ್ಲೂ ಇಲ್ಲಿ ದಪ್ಪ ನೊರೆ ಬರುತ್ತದೆ. ಪುಡಿ ತಾಜಾ ಇದೆಯೋ ಇಲ್ಲವೋ ಅಂತ ಮೂಗು, ನಾಲಿಗೆಯೇ ಹೇಳಬೇಕು. ಹಾಗಾಗಿ ನಾನು ಒಂದು ಸಲಕ್ಕೆ ನೂರು ಗ್ರಾಂ ಮಾತ್ರ ತರುತ್ತೇನೆ.

ತೊಳೆಯುವುದೇ ಇದರ ದೊಡ್ಡ ಕೆಲಸ. ಅಮ್ಮನಿಗೆ ಚಿಕೋರಿ ಪುಡಿಯ ಕಾಫಿ ಬೇಕು ಅಂತ ಒಂದು ವಾರ ಅದನ್ನೇ ಹಾಕಿದ್ದೆ. ಧಾರೆ ದಿನದಿಂದ ದಿನಕ್ಕೆ ಸಣ್ಣಗಾಗಿ, ಕೊನೆಗೆ ಓರೆಯಾಗಿ ಚಿಮ್ಮತೊಡಗಿತು. ಎರಡು ಪದರದ ನಡುವೆ ಅಂಟು ಕೂತಿತ್ತು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ತೂತನ್ನು ತೆಳು ಪಿನ್ನಿನಿಂದ ಮೆಲ್ಲಗೆ ಬಿಡಿಸಿ, ಪುಡಿ ಇಲ್ಲದೆ ಎರಡು ಸಲ ನೀರು ಬಿಟ್ಟ ಮೇಲೆ ಸರಿಯಾಯಿತು. ಈಗ ಪ್ರತಿ ಸಲ ಕಾಫಿ ಆದ ಮೇಲೆ ಖಾಲಿ ನೀರು ಬಿಡುತ್ತೇನೆ. ಅಮ್ಮನಿಗೆ ಮೊದಲಿನ ಹಾಗೆ ಹಿತ್ತಾಳೆ ಫಿಲ್ಟರ್‌ನಲ್ಲೇ ಹಾಕಿಕೊಡುತ್ತೇನೆ.

ರುಚಿಯಲ್ಲಿ ಕೊರತೆ ಇದೆ. ಹಾಲು ಹಾಕಿದರೆ ಗೊತ್ತಾಗುವುದಿಲ್ಲ, ಹಾಗೇ ಕುಡಿದರೆ ಸ್ವಲ್ಪ ಪೇಲವ. ಅದು ಎಷ್ಟು ಅಂತ ತಿಳಿದಿದ್ದು ಹಾಸನದಿಂದ ನನ್ನ ತಮ್ಮ ಅವನ ಕೈ ಗ್ರೈಂಡರ್ ತಂದಾಗ. ಅದೇ ಅಂಗಡಿಯ ಅರೇಬಿಕಾ ಬೀಜ ತಂದು, ಎತ್ತಿಟ್ಟಿದ್ದ ಒಂದು ಪದರದ ಬಾಸ್ಕೆಟ್ ಮತ್ತೆ ಹಾಕಿದೆವು. ಮೊದಲನೆಯದು 14 ಸೆಕೆಂಡ್. ಗ್ರೈಂಡರ್ ತಿರುಗಿಸಿ ಎರಡು ಕ್ಲಿಕ್ ಬಿಗಿ ಮಾಡಿದ, 38 ಆಯಿತು. ಒಂದು ಕ್ಲಿಕ್ ಸಡಿಲಿಸಿದ. 27 ಸೆಕೆಂಡಿಗೆ 28 ಗ್ರಾಂ, ಜೇನಿನ ಥರ ಇಳಿಯಿತು. ಹಾಲಿಲ್ಲದೆ ಕುಡಿದೆ. ಹುಳಿಯ ಹಿಂದೆ ಸಿಹಿ ಇತ್ತು, ಬಾಯಲ್ಲಿ ತುಂಬ ಹೊತ್ತು ಉಳಿಯಿತು. ಮೂರು ವಾರ ನಾನು ಬೆರೆಸಿ, ಒತ್ತಿ ಹುಡುಕಿದ್ದು ಆ ಒಂದು ಕ್ಲಿಕ್‌ನಲ್ಲಿತ್ತು.

ಭಾನುವಾರ ಸಂಜೆ ಅವನು ಗ್ರೈಂಡರ್ ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ ಹತ್ತಿದ. ಸೋಮವಾರ ಬೆಳಗ್ಗೆ ನಾನು ಮತ್ತೆ ಎರಡು ಪದರದ ಬಾಸ್ಕೆಟ್ ಹಾಕಿದೆ.