ಒಂದನೇ ತಾರೀಖಿನ 12 ಸಾವಿರ

ನಮ್ಮಪ್ಪ ಸಾರಿಗೆ ನಿಗಮದಲ್ಲಿ ಬಸ್ ಡ್ರೈವರ್ ಆಗಿದ್ದವರು, ದೊಡ್ಡಪ್ಪ ಸರ್ಕಾರಿ ಶಾಲೆಯಲ್ಲಿ ಮಾಸ್ತರು. ಇಬ್ಬರೂ ಹೆಚ್ಚುಕಡಿಮೆ 30 ವರ್ಷ ದುಡಿದರು. ನಿವೃತ್ತಿಯಾದ ಮೇಲೆ ದೊಡ್ಡಪ್ಪನಿಗೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ನಿಗಮದ ನೌಕರಿ ಸರ್ಕಾರಿ ನೌಕರಿಯ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನದು ಪಿಎಫ್ ಕಡೆಯಿಂದ ಬರುವ ಇಪಿಎಸ್ ಪಿಂಚಣಿ, ತಿಂಗಳಿಗೆ ಮೂರು ಸಾವಿರದ ಆಸುಪಾಸು. ಒಂದೇ ಓಣಿಯಲ್ಲಿ ಎರಡು ಮನೆ, ಎರಡು ಮುಪ್ಪು. "ನೀ ಎಫ್‌ಡಿಎ ಆಗಬೇಕು" ಎಂದು ಅಪ್ಪ ಹಟ ಹಿಡಿದದ್ದರ ಬೇರು ಅಲ್ಲಿತ್ತು. ಅದು ತಿಳಿಯುವ ಮೊದಲು ನಾನು ಬಾಯಿ ತೆರೆದು ಕೆಡಿಸಿಕೊಂಡೆ.

ಬಿ.ಎ. ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ರಾಣೆಬೆನ್ನೂರಿನ ಒಂದು ಮೋಟರ್ ರಿವೈಂಡಿಂಗ್ ಅಂಗಡಿಗೆ ಹೊತ್ತು ಕಳೆಯಲು ಹೋಗತೊಡಗಿದೆ. ಹೊತ್ತು ಕಳೆಯುವುದು ಹೋಗಿ ಕೆಲಸವೇ ಹಿಡಿಸಿಬಿಟ್ಟಿತು. ಮರುವರ್ಷ ಯುಗಾದಿ ದಿನ, ಹೋಳಿಗೆ ಊಟಕ್ಕೆ ಕೂತಾಗ, ದೊಡ್ಡಪ್ಪನ ಎದುರಿಗೇ "ನಾ ಇನ್ನ ಧಾರವಾಡಕ್ಕ ಹೋಗಂಗಿಲ್ಲ, ಅಂಗಡಿ ಹಾಕತೀನಿ" ಅಂದೆ. ಅಪ್ಪ ತಲೆ ಎತ್ತಲಿಲ್ಲ. ದೊಡ್ಡಪ್ಪ, "ಡಿಗ್ರಿ ಮಾಡಿ ತಂತಿ ಸುತ್ತತಾನಂತ" ಎಂದು ನಕ್ಕರು. ಅಪ್ಪನಿಗೆ ಆ ನಗು ತಟ್ಟಿತು, ನನ್ನ ಮಾತಲ್ಲ. ಇಂಥ ಮಾತು ಬಂಧುಗಳ ಮುಂದೆ ಎತ್ತಲೇಬಾರದು. ಅಲ್ಲಿ ಅಪ್ಪ ಅಪ್ಪನಾಗಿ ಕೇಳುವುದಿಲ್ಲ, ತಮ್ಮನಾಗಿ ಕೇಳುತ್ತಾರೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಹೊಸ ನೌಕರರಿಗೆ ದೊಡ್ಡಪ್ಪನಂಥ ಪಿಂಚಣಿ ಇಲ್ಲ ಎಂಬುದನ್ನೇ ಆಯುಧ ಮಾಡಿಕೊಂಡೆ. ಮಾತೇನೋ ನಿಜ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್. ಸಂಬಳದಲ್ಲಿ ಶೇ. 10 ಕಟಾವಾಗುತ್ತದೆ, ಸರ್ಕಾರವೂ ತನ್ನ ಪಾಲು ಹಾಕುತ್ತದೆ, 60 ಆದಾಗ ಕೂಡಿದ ಗಂಟಿನಲ್ಲಿ ಒಂದು ಭಾಗದಿಂದ ಪಿಂಚಣಿ ಕೊಳ್ಳಬೇಕು. ಎಷ್ಟು ಬರುತ್ತದೆಂಬುದು ಮಾರುಕಟ್ಟೆಗೆ ಬಿಟ್ಟದ್ದು. ಇದನ್ನೆಲ್ಲ ಗೆದ್ದವನ ಹಾಗೆ ಹೇಳಿದೆ. ಅಪ್ಪ ಕೇಳಿ, "ಅಷ್ಟಾದ್ರೂ ಬರತೈತೆಲ್ಲೋ. ನಿನ್ನ ಅಂಗಡ್ಯಾಗ ಏನ್ ಬರತೈತಿ ಮುಪ್ಪಿಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಆಸೆಯನ್ನು ಹಳಿದಿದ್ದೆನೇ ಹೊರತು ಅದರ ಜಾಗಕ್ಕೆ ಏನನ್ನೂ ಇಟ್ಟಿರಲಿಲ್ಲ.

ಆಮೇಲೆ ಆರೇಳು ತಿಂಗಳು ಆ ಮಾತೇ ಎತ್ತಲಿಲ್ಲ. ಅಂಗಡಿಯಲ್ಲಿ ಪಾಲುಗಾರಿಕೆ ಮೇಲೆ ದುಡಿಯುತ್ತ ಒಂದು ನೋಟ್‌ಬುಕ್ ಬರೆದೆ. ಡ್ರೈವರ್ ಮನೆಯಲ್ಲಿ ಬೆಳೆದವನಿಗೆ ಲಾಗ್‌ಶೀಟ್ ಗೊತ್ತಿರುತ್ತದೆ: ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಡೀಸೆಲ್ ಕುಡಿಯಿತು, ಕೆಎಂಪಿಎಲ್ ಎಷ್ಟು ಬಿತ್ತು. ಅದೇ ಮಾದರಿಯಲ್ಲಿ ಗೆರೆ ಹಾಕಿದೆ. ತಾರೀಖು, ಯಾವ ಊರಿನ ಮೋಟರ್, ಎಷ್ಟು ಎಚ್‌ಪಿ, ತಾಮ್ರದ ತಂತಿಗೆ ಹೋದದ್ದು, ಬೇರಿಂಗ್‌ಗೆ ಹೋದದ್ದು, ಗಿರಾಕಿ ಕೊಟ್ಟದ್ದು, ಉದ್ರಿ ಉಳಿದದ್ದು, ನನ್ನ ಪಾಲು. ಉದ್ರಿಯ ಕಾಲಂ ಬಿಡಬಹುದಿತ್ತು, ಬಿಡಲಿಲ್ಲ. ಫಸಲು ಬರುವ ತನಕ ರೈತರ ಕೈಯಲ್ಲಿ ರೊಕ್ಕ ಇರುವುದಿಲ್ಲ ಎನ್ನುವುದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಚ್ಚಿಟ್ಟಿದ್ದರೆ ಉಳಿದ ಅಂಕಿಗಳನ್ನೂ ನಂಬುತ್ತಿರಲಿಲ್ಲ.

ನೋಟ್‌ಬುಕ್ ನೋಡಲು ಅಪ್ಪ ಎರಡು ರಾತ್ರಿ ತಗೊಂಡರು. ಮೂರನೇ ದಿನ ಅಂಗಡಿಗೇ ಬಂದರು. ಆಗ ಒಂದು 5 ಎಚ್‌ಪಿ ಮೊನೊಬ್ಲಾಕ್ ಬಿಚ್ಚಿ ಇಟ್ಟಿದ್ದೆ. ಕೆಲವು ಕಾಯಿಲ್ ಸುಟ್ಟು ಕರ್ರಗಾಗಿ ವಾರ್ನಿಶ್ ಕಮಟು ಹೊಡೆಯುತ್ತಿತ್ತು, ಪಕ್ಕದ ಗುಂಪು ಹೊಸದರ ಹಾಗೆ ಹೊಳೆಯುತ್ತಿತ್ತು. "ಇದ್ಯಾಕ ಹಿಂಗ?" ಅಂದರು. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೋಟರ್ ಉಳಿದ ಎರಡರ ಮೇಲೆ ಎಳೆಯುತ್ತದೆ, ಎಳೆದ ಕಾಯಿಲ್ ಸುಡುತ್ತವೆ, ಬರೀ ವೈಂಡಿಂಗ್ ಮಾಡಿ ಕೊಟ್ಟರೆ ತಿಂಗಳಲ್ಲಿ ಮತ್ತೆ ಬರುತ್ತದೆ, ಸ್ಟಾರ್ಟರ್‌ನ ರಿಲೇ ನೋಡಬೇಕು ಎಂದೆ. ಅಪ್ಪ ಕಪ್ಪು ತಂತಿ ಮೂಸಿ, "ಕ್ಲಚ್ ಪ್ಲೇಟ್ ಸುಟ್ಟಾಗೂ ಹಿಂಗ ಇರತೈತಿ. ಪ್ಲೇಟ್ ಬದಲಿ ಮಾಡಿದ್ರ ಮುಗೀತು ಅಂತಾರ ಮಂದಿ" ಅಂದರು. ಆ ಹೊತ್ತಿಗೆ ಎಫ್‌ಡಿಎ ಮಾತು ಬರಲಿಲ್ಲ.

ರಾತ್ರಿ ಬಂತು. ಅಂಕಿಗಳ ಮೇಲೆ ಬೆರಳಿಟ್ಟರು. ಬೋರ್‌ವೆಲ್ ಹಗಲೂ ರಾತ್ರಿ ಓಡುವ ಬೇಸಿಗೆಯಲ್ಲಿ ನನ್ನ ಪಾಲು ತಿಂಗಳಿಗೆ 24 ಸಾವಿರ ಮುಟ್ಟಿತ್ತು. ಮಳೆ ಹಿಡಿದ ಮೇಲೆ ಜುಲೈನಲ್ಲಿ 5 ಸಾವಿರ. "ಈ ಜುಲೈದಾಗ ಮನಿ ಹೆಂಗ ನಡೀತೈತಿ?" ಆಗಿನ ಎಫ್‌ಡಿಎ ಮೂಲ ವೇತನ 27,650. ಮಳೆಯಿರಲಿ ಬಿಸಿಲಿರಲಿ ಬರುವಂಥದ್ದು. ನಾನು ವಾದಿಸಲಿಲ್ಲ. ಸಂಬಳದಲ್ಲಿ ಸೋಲುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಅಪ್ಪ ಕೇಳುತ್ತಿದ್ದುದು ಒಂದನೇ ತಾರೀಖನ್ನು ಎಂದು ಆ ಪ್ರಶ್ನೆಯಿಂದಲೇ ಹೊಳೆಯಿತು. ದುಡಿಮೆಯನ್ನು ಒಂದನೇ ತಾರೀಖಿಗೆ ಒಗ್ಗಿಸುವುದು ನನ್ನ ಕೈಯಲ್ಲಿತ್ತು.

ಬ್ಯಾಂಕಿನಲ್ಲಿ ಎರಡನೇ ಖಾತೆ ತೆಗೆದೆ. ಅಂಗಡಿಯಿಂದ ಬಂದದ್ದೆಲ್ಲ ಅಲ್ಲಿಗೆ. ಅದರಿಂದ ಪ್ರತಿ ಒಂದನೇ ತಾರೀಖು 12 ಸಾವಿರ ಮಾತ್ರ ತೆಗೆದು ಅವ್ವನ ಕೈಗೆ. ಬೇಸಿಗೆಯಲ್ಲಿ ಜಾಸ್ತಿ ಬಂದರೂ 12, ಮಳೆಗಾಲದಲ್ಲಿ ಬರದಿದ್ದರೂ 12. ಮೊದಲ ವರ್ಷ ಆಗಸ್ಟ್‌ನಲ್ಲಿ ಖಾತೆ ಬರಿದಾಯಿತು, ಗೆಳೆಯನ ಹತ್ತಿರ 4 ಸಾವಿರ ಕೈಗಡ ತಂದು ಕೊಟ್ಟೆ. ಮುಂದಿನ ವರ್ಷ ಮೇ ಮುಗಿಯುವಷ್ಟರಲ್ಲಿ ಮೂರು ತಿಂಗಳ ರೊಕ್ಕ ಕೂಡಿಡದೆ ಹೊಸ ಸಾಮಾನು ಕೊಳ್ಳಲಿಲ್ಲ. ಮುಪ್ಪಿನ ಪ್ರಶ್ನೆಗೆ ನಾನೇ ಒಂದು ಎನ್‌ಪಿಎಸ್ ಖಾತೆ ತೆಗೆದೆ. ಅದು ನೌಕರರಿಗಷ್ಟೇ ಅಲ್ಲ, ಯಾರು ಬೇಕಾದರೂ ತೆಗೆಯಬಹುದು. ಸರ್ಕಾರದ ಪಾಲು ಮಾತ್ರ ನನಗಿಲ್ಲ. ಅದನ್ನೂ ಅಪ್ಪನಿಗೆ ಹೇಳಿಯೇ ಸಹಿ ಹಾಕಿದೆ.

ಅವ್ವನ ಚಿಂತೆಯೇ ಬೇರೆ. "ಹೆಣ್ಣಿನವರು ಬಂದು ಹುಡುಗ ಏನ್ ಮಾಡತಾನ ಅಂದ್ರ ಏನಂತ ಹೇಳ್ಲೋ?" ಅದಕ್ಕೆ ನನ್ನ ವಿವರಣೆ ಯಾವುದೂ ನಾಟಲಿಲ್ಲ. ಉದ್ಯಮ್ ನೋಂದಣಿ ಮಾಡಿಸಿದೆ. ಪುಕ್ಕಟೆ ಆಗುವ ಕೆಲಸ ಅದು, ನನ್ನಿಂದ ಒಬ್ಬ 800 ಕಿತ್ತುಕೊಂಡ. ಭಾರತ ಸರ್ಕಾರ ಎಂದು ಮೇಲೆ ಇದ್ದ ಆ ಹಾಳೆಯನ್ನು ಅವ್ವ ಲ್ಯಾಮಿನೇಶನ್ ಮಾಡಿಸಿ ಶೋಕೇಸಿನಲ್ಲಿ ಇಟ್ಟಳು. ಅದರಿಂದ ಸಾಲದ ಅರ್ಜಿಗಿಂತ ಹೆಚ್ಚು ಉಪಯೋಗವಾದದ್ದು ನಮ್ಮ ಪಡಸಾಲೆಯಲ್ಲಿ.

ಕೊನೆಗೊಂದು ಕರಾರು ಉಳಿದಿತ್ತು. ನಾವು 2ಎ, ಆಗ ನಮಗಿದ್ದ ವಯೋಮಿತಿ 38. ನನಗೆ 26. ಎರಡು ವರ್ಷ ಅಂಗಡಿ ನೋಡುವುದು, ನಡುವೆ ಅಧಿಸೂಚನೆ ಬಂದರೆ ಅರ್ಜಿ ಹಾಕುವುದು, ಆದರೆ ರೂಮ್ ಮಾಡಿಕೊಂಡು ಓದಲು ಹೋಗದಿರುವುದು. ಅಪ್ಪ, "ಒಮ್ಮೆ ರೊಕ್ಕದ ರುಚಿ ಹತ್ತಿದ ಮ್ಯಾಲೆ ನೀ ಪುಸ್ತಕ ಮುಟ್ಟಂಗಿಲ್ಲ ಬಿಡು" ಅಂದರು. ಮಾತು ಸುಳ್ಳಾಗಲಿಲ್ಲ. ಒಂದು ಪರೀಕ್ಷೆ ಬರೆದೆ, ತಯಾರಿ ಇಲ್ಲದೆ ಬರೆದದ್ದಕ್ಕೆ ಬರಬೇಕಾದ ಅಂಕವೇ ಬಂತು.

ಎರಡು ವರ್ಷದ ಗಡುವು ಮುಗಿದದ್ದನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪೇಪರಿನಲ್ಲಿ ನೇಮಕಾತಿ ಸುದ್ದಿ ಬಂದರೆ ಅಪ್ಪ ಈಗಲೂ ಕತ್ತರಿಸಿ ನನ್ನ ಬುತ್ತಿ ಡಬ್ಬಿ ಹತ್ತಿರ ಇಡುತ್ತಾರೆ. ಹೋದ ತಿಂಗಳ ಚೂರಿನ ಹಿಂದೆ ಪೆನ್ನಿನಲ್ಲಿ ಒಂದು ಫೋನ್ ನಂಬರ್ ಇತ್ತು, ಅದರ ಕೆಳಗೆ: "7.5 ಎಚ್‌ಪಿ, ಸ್ಟಾರ್ಟರ್ ನೋಡು."